ಸಹಾಯ ಬೇಕು: ತೊಟ್ಟಿ ಮನೆ ಪ್ರಬಂಧದ ಲಿಟರೇಚರ್ ರಿವ್ಯೂ, ವಿಷಯವಾರು ಜೋಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ತೊಟ್ಟಿ ಮನೆಗಳ ಬಗ್ಗೆ ಆರ್ಕಿಟೆಕ್ಚರ್ ಪ್ರಬಂಧ ಬರೆಯುತ್ತಿದ್ದೇನೆ. ಲಿಟರೇಚರ್ ರಿವ್ಯೂ ಈಗ ಇಸವಿ ಪ್ರಕಾರ ಇದೆ. 1964ರ ರುಡೋಫ್ಸ್ಕಿ, 1969ರ ರಾಪೊಪೋರ್ಟ್, 1997ರ ಪಾಲ್ ಆಲಿವರ್, ಹೀಗೆ ಸಾಲಾಗಿ. ಓದಿದರೆ ಬರೀ ಪಟ್ಟಿ ಅನ್ನಿಸುತ್ತದೆ. ಯಾರು ಯಾರ ಮಾತನ್ನು ಒಪ್ಪುತ್ತಾರೆ, ಯಾರು ಒಪ್ಪಲ್ಲ ಅನ್ನೋದೇ ಕಾಣುವುದಿಲ್ಲ.

ಹಾಗಾಗಿ ಎಕ್ಸೆಲ್‌ನಲ್ಲಿ ಒಂದು ಕೋಷ್ಟಕ ಮಾಡಿದೆ. ಒಂದೊಂದು ಸಾಲಿಗೆ ಒಂದು ಪುಸ್ತಕ ಅಥವಾ ಲೇಖನ. ಹವಾಮಾನ, ಕುಟುಂಬ ಮತ್ತು ಆಚರಣೆ, ಸಾಮಗ್ರಿ ಮತ್ತು ಕಸುಬು, ಇವು ಕಾಲಂಗಳು. ಒಂದು ಚೌಕದಲ್ಲಿ ಒಂದೇ ವಾಕ್ಯ: ಆ ವಿಷಯಕ್ಕೆ ಅವರು ಏನು ವಾದಿಸುತ್ತಾರೆ. ಕಾಲಂ ಹಿಡಿದು ಮೇಲಿಂದ ಕೆಳಗೆ ಓದಿದಾಗ ಜಗಳ ಎದ್ದು ಕಂಡಿತು! ತೊಟ್ಟಿಯನ್ನೇ ನೋಡಿ. ತಾಪಮಾನ ಅಳೆಯುವವರಿಗೆ ಅದು ಗಾಳಿ ಬೆಳಕಿನ ದಾರಿ. ರಾಪೊಪೋರ್ಟ್ ಪ್ರಕಾರ ಮನೆಯ ರೂಪಕ್ಕೆ ಮೊದಲ ಕಾರಣ ಸಮಾಜ, ಸಂಸ್ಕೃತಿ. ಹವಾಮಾನ ಅದನ್ನು ತಿದ್ದುತ್ತದೆ ಅಷ್ಟೇ.

ಸಿಕ್ಕಿಬಿದ್ದಿರುವುದು ಇಲ್ಲೇ. ರಾಪೊಪೋರ್ಟ್ ಎರಡು ಕಾಲಂಗಳಲ್ಲೂ ಬರುತ್ತಾರೆ. ಎರಡೂ ಭಾಗದಲ್ಲಿ ಬರೆಯಬೇಕಾ, ಇಲ್ಲ "ತೊಟ್ಟಿ ಯಾಕಿದೆ?" ಅಂತ ಪ್ರಶ್ನೆಯನ್ನೇ ತಲೆಬರಹ ಮಾಡಿ ಎರಡೂ ಪಕ್ಷವನ್ನು ಎದುರುಬದುರು ಕೂರಿಸಬೇಕಾ? ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಆದರೆ ಹಾಗೆ ಮಾಡಿದರೆ ಕಾಲದ ಎಳೆ ತಪ್ಪುತ್ತದಲ್ವಾ? ಹವಾಮಾನದ ಅಳತೆಗಳು ಹೆಚ್ಚಿನವು ಈಚಿನವು, ರಾಪೊಪೋರ್ಟ್ ಅವನ್ನು ನೋಡಿಯೇ ಇರಲಿಲ್ಲ. ಪ್ರತಿ ವಿಷಯದ ಒಳಗೆ ಇಸವಿ ಕ್ರಮ ಇಟ್ಟರೆ ಸಾಕಾ?

ಹೀಗೆ ಬರೆದವರು ಇದ್ದರೆ ನಿಮ್ಮ ಅಧ್ಯಾಯದ ಉಪಶೀರ್ಷಿಕೆಗಳನ್ನಾದರೂ ದಯವಿಟ್ಟು ಹಂಚಿಕೊಳ್ಳಿ.