ಅರ್ಧ ಕ್ಯಾರೆಟ್ ಉಂಗುರ: ದುಂಡು ಹರಳೋ, ಓವಲ್ಲೋ?

ಕೇಳಿದವರು, ತೀರ್ಥಹಳ್ಳಿ

ಮಗಳ ನಿಶ್ಚಿತಾರ್ಥಕ್ಕೆ ಒಂಟಿ ಹರಳಿನ ವಜ್ರದ ಉಂಗುರ ಮಾಡಿಸಬೇಕು. ಅಡಿಕೆ ಮಾರಿದ ಹಣದಲ್ಲಿ ಅರ್ಧ ಕ್ಯಾರೆಟ್‌ನಷ್ಟು ಕೊಳ್ಳಬಹುದು. ಅಂಡಾಕಾರದ ಓವಲ್, ಹನಿಯಾಕಾರದ ಪೇರ್, ಆಯತಾಕಾರದ ಎಮರಾಲ್ಡ್ ಕಟ್ ಹರಳುಗಳು ದುಂಡು ಹರಳಿಗಿಂತ ಅಗ್ಗ, ನೋಡಲು ದೊಡ್ಡವು ಎಂದು ಶಿವಮೊಗ್ಗದ ಅಂಗಡಿಯವರು ಹೇಳುತ್ತಾರೆ. ಕೊಂಡವರು ಏನು ಹೇಳುತ್ತೀರಿ?

ಸಾಗರದಿಂದ ಒಬ್ಬರು

ಅವರು ಹೇಳಿದ್ದು ಸರಿ. ನಮ್ಮ ಮನೆಯಲ್ಲಿ ಓವಲ್ ಉಂಗುರವಿದೆ. ಅದೇ ತೂಕದ ದುಂಡು ಹರಳಿನ ಪಕ್ಕದಲ್ಲಿಟ್ಟರೆ ಇದೇ ದೊಡ್ಡದು, ಬೆರಳೂ ನೀಳವಾಗಿ ಕಾಣುತ್ತದೆ. ಬೆಲೆಯಲ್ಲಿ ಕಾಲು ಭಾಗ ಉಳಿಯಿತು. ಉದ್ದನೆಯ ಹರಳು ಯಾವುದಾದರೂ ದೊಡ್ಡದಾಗಿಯೇ ಕಾಣುತ್ತದೆ, ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ಹೊಸನಗರದಿಂದ ಒಬ್ಬರು

ಬೆಂಡೋಲೆಗೆ ದುಂಡು ಹರಳೇ ಚೆನ್ನ. ನಮ್ಮ ಅತ್ತೆಯವರ ಏಳು ಹರಳಿನ ಓಲೆಯಲ್ಲಿ ಒಂದು ಹರಳು ಬಿದ್ದುಹೋದಾಗ ಅದೇ ಅಳತೆಯ ದುಂಡು ಹರಳು ಸುಲಭವಾಗಿ ಸಿಕ್ಕಿತು. ಪೇರ್ ಆಗಿದ್ದರೆ ಜೋಡಿ ಹುಡುಕುವುದರಲ್ಲೇ ವರ್ಷ ಕಳೆಯುತ್ತಿತ್ತು.

ಕೇಳಿದವರು, ತೀರ್ಥಹಳ್ಳಿ

ಓಲೆಯಲ್ಲ, ಉಂಗುರ. ಹರಳು ಒಂದೇ.

ಶಿವಮೊಗ್ಗ, ಗಾಂಧಿ ಬಜಾರಿನ ಅಂಗಡಿಯೊಂದರಲ್ಲಿ ಹರಳು ಆರಿಸುವ ಕೆಲಸ ಮಾಡಿ ನಿವೃತ್ತರಾದವರು

ಸಾಗರದವರ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಆದರೆ ಕಣ್ಣು ಮುಚ್ಚಿ ಕೊಳ್ಳುವ ವಸ್ತು ಇದಲ್ಲ. ತೂಕ ಒಂದೇ ಇದ್ದರೂ ಆ ತೂಕ ಹರಳಿನ ಮುಖದಲ್ಲಿದೆಯೋ ಹೊಟ್ಟೆಯಲ್ಲಿದೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಸರಿಯಾಗಿ ಕತ್ತರಿಸಿದ ಅರ್ಧ ಕ್ಯಾರೆಟ್, ಅಂದರೆ ಐವತ್ತು ಸೆಂಟ್‌ನ ದುಂಡು ಹರಳು ಸುಮಾರು 5.1 ಮಿಲಿಮೀಟರ್ ಅಗಲ, 3.15 ಆಳ ಇರುತ್ತದೆ. ಮೇಲಿನಿಂದ ಕಾಣುವ ಮುಖ ಸುಮಾರು 20.4 ಚದರ ಮಿಲಿಮೀಟರ್. ಈಗ ಅದೇ ತೂಕದ ಎರಡು ಓವಲ್ ಹರಳುಗಳನ್ನು ತಟ್ಟೆಗೆ ಹಾಕಿ ಎನ್ನಿ. ಮೊದಲನೆಯದರ ಅಳತೆ 6.25, 4.50, ಆಳ 2.79. ಉದ್ದವನ್ನು ಅಗಲದಿಂದ ಗುಣಿಸಿ, ಮತ್ತೆ 0.785ರಿಂದ ಗುಣಿಸಿದರೆ ಮುಖ ಸುಮಾರು 22. ದುಂಡು ಹರಳಿಗಿಂತ ಶೇಕಡಾ ಎಂಟರಷ್ಟು ಹೆಚ್ಚು. ಎರಡನೆಯದು 5.90, 4.30, ಆಳ 3.10. ಇದರ ಮುಖ 20ಕ್ಕಿಂತ ತುಸು ಕಡಿಮೆ! ಅಂದರೆ ಇದು ದುಂಡು ಹರಳಿಗಿಂತಲೂ ಚಿಕ್ಕದು. ಆದರೂ ಉದ್ದವಿರುವುದರಿಂದ ಕಣ್ಣು ಮೋಸಹೋಗುತ್ತದೆ, ಅಂಗಡಿಯವನೂ ಎರಡಕ್ಕೂ ಒಂದೇ ದರ ಹೇಳುತ್ತಾನೆ.

ಆಳವನ್ನು ಅಗಲದಿಂದ ಭಾಗಿಸಿ ನೋಡಿ. ಮೊದಲನೆಯದು ಶೇ 62, ಎರಡನೆಯದು ಶೇ 72. ಓವಲ್‌ನಲ್ಲಿ ಶೇ 68 ದಾಟಿದರೆ ನಾನು ಬದಿಗಿಡುತ್ತಿದ್ದೆ. ಪ್ರಮಾಣಪತ್ರದಲ್ಲಿ ಮೂರೂ ಅಳತೆಗಳು ಇರುತ್ತವೆ, ಕೇಳಿ ಬರೆದುಕೊಳ್ಳಿ. ಇದನ್ನು ನೀವೇ ಮಾಡಬೇಕಾದ ಕಾರಣವೂ ಇದೆ. ವಜ್ರ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಜಿಐಎ ಸಂಸ್ಥೆ 2006ರಿಂದ ದುಂಡು ಹರಳಿಗೆ, ಎಷ್ಟು ಚೆನ್ನಾಗಿ ಕತ್ತರಿಸಿದ್ದಾರೆ ಎಂದು ಹೇಳುವ ಕಟ್ ದರ್ಜೆ ಕೊಡುತ್ತಿದೆ, ಆದರೆ ನಿಮ್ಮ ಕೈಗೆ ಬರುವ ಓವಲ್, ಪೇರ್ ಪತ್ರಗಳಲ್ಲಿ ಸಾಮಾನ್ಯವಾಗಿ ಆ ಸಾಲು ಇರುವುದಿಲ್ಲ. ಪಾಲಿಶ್, ಸಿಮೆಟ್ರಿ ಎಂಬ ಎರಡು ದರ್ಜೆಗಳು ಎಕ್ಸಲೆಂಟ್ ಎಂದಿದ್ದರೂ ಹರಳು ಹೊಟ್ಟೆ ದಪ್ಪದ್ದಾಗಿರಬಹುದು.

ಸಾಗರದಿಂದ ಒಬ್ಬರು

ಹಾಗಾದರೆ ಅಗ್ಗ ಎನ್ನುವುದೂ ಸುಳ್ಳೇ?

ಗಾಂಧಿ ಬಜಾರಿನ ನಿವೃತ್ತರು

ಸುಳ್ಳಲ್ಲ. ಕಚ್ಚಾ ವಜ್ರದಿಂದ ದುಂಡು ಹರಳು ತೆಗೆಯುವಾಗ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ತೂಕ ಪುಡಿಯಾಗಿ ಹೋಗುತ್ತದೆ. ಉದ್ದನೆಯ ಕಲ್ಲಿನಿಂದ ಓವಲ್ಲೋ ಪೇರೋ ತೆಗೆದರೆ ನಷ್ಟ ಕಡಿಮೆ. ಮೇಲಾಗಿ ಎಲ್ಲರೂ ಕೇಳುವುದು ದುಂಡನ್ನೇ. ಹೀಗಾಗಿ ದುಂಡು ಹರಳಿಗೆ ನೂರು ರೂಪಾಯಿ ಎಂದರೆ ಉಳಿದವಕ್ಕೆ ಎಪ್ಪತ್ತೈದರಿಂದ ತೊಂಬತ್ತು ಎಂದು ಅಂದಾಜಿಸಿಕೊಳ್ಳಿ. ಈಚೆಗೆ ಓವಲ್‌ಗೆ ಬೇಡಿಕೆ ಏರಿ ಅದರ ಅಂತರ ಕಿರಿದಾಗಿದೆ. ಬಣ್ಣ, ಶುದ್ಧತೆ, ಪ್ರಮಾಣಪತ್ರ ಒಂದೇ ಇದ್ದರೆ ಮಾತ್ರ ಈ ಹೋಲಿಕೆಗೆ ಅರ್ಥ. ನಿಮಗೆ ತೋರಿಸುವಾಗ ದುಂಡು ಹರಳು ಒಳ್ಳೆಯ ಬಣ್ಣದ್ದು, ಓವಲ್ ಎರಡು ದರ್ಜೆ ಕೆಳಗಿನದು ಇರಬಹುದು.

ಇನ್ನೊಂದು ಉಳಿತಾಯ: ಐವತ್ತು ಸೆಂಟ್ ಮುಟ್ಟಿದೊಡನೆ ಕ್ಯಾರೆಟ್ ದರವೇ ಮೇಲೇರುತ್ತದೆ. ನಲವತ್ತೇಳು, ನಲವತ್ತೆಂಟು ಸೆಂಟ್ ಕೇಳಿ. ಬೆರಳಲ್ಲಿ ಆ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ.

ಶೃಂಗೇರಿಯಿಂದ ಒಬ್ಬರು

ನಾನು ಎಮರಾಲ್ಡ್ ಕಟ್ ಕೊಂಡವಳು. ದುಂಡಿನ ಮಿನುಗು ಇದರಲ್ಲಿ ಇಲ್ಲ. ಮೆಟ್ಟಿಲುಗಳಂತೆ ಕತ್ತರಿಸಿರುವುದರಿಂದ ಅಗಲವಾದ ಹೊಳಪು ಒಮ್ಮೆ ಬಂದು ಹೋಗುತ್ತದೆ. ನನಗೆ ಅದೇ ಇಷ್ಟ. ಆದರೆ ದೊಡ್ಡದಾಗಿ ಕಾಣಲೆಂದು ಇದನ್ನು ಕೊಳ್ಳಬೇಡಿ. ಅರ್ಧ ಕ್ಯಾರೆಟ್‌ನ ನನ್ನ ಹರಳು 5.35, 3.95 ಇದೆ. ಮೂಲೆಗಳನ್ನು ಕಳೆದರೆ ದುಂಡಿನಷ್ಟೇ ಮುಖ. ಅಗ್ಗವೂ ಅಷ್ಟಾಗಿ ಆಗಲಿಲ್ಲ. ದುಂಡು ಹರಳಾದರೆ ಎಸ್‌ಐ1 ದರ್ಜೆಯ ಸಣ್ಣ ದೋಷ ಮಿನುಗಿನಲ್ಲಿ ಮುಚ್ಚಿಹೋಗುತ್ತಿತ್ತು. ಇದರಲ್ಲಿ ಗಾಜಿನ ಕಿಟಕಿಯ ಮೇಲಿನ ಕೊಳೆಯಂತೆ ನಡುವೆಯೇ ಕಾಣುತ್ತಿದ್ದುದರಿಂದ ಅದಕ್ಕಿಂತ ಶುದ್ಧವಾದ ವಿಎಸ್1 ದರ್ಜೆಗೆ ಹೋಗಬೇಕಾಯಿತು. ಆಕಾರದಲ್ಲಿ ಉಳಿದದ್ದು ಶುದ್ಧತೆಗೆ ಹೋಯಿತು.

ಕೊಪ್ಪದಿಂದ ಒಬ್ಬರು

ಪೇರ್ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಉಂಗುರದ ಹರಳಿನ ಚೂಪು ತುದಿ ಬಾವಿಕಟ್ಟೆಗೆ ತಗುಲಿ ಚಕ್ಕೆ ಎದ್ದಿತು. ಅದನ್ನು ಹಿಡಿದಿದ್ದುದು ಒಂದು ಸಾದಾ ಹಲ್ಲು, ಅದೂ ತುದಿಯಿಂದ ಸ್ವಲ್ಪ ಹಿಂದೆ. ಬಳಿಕ ನಮ್ಮ ಆಚಾರಿಯವರು ತುದಿಯನ್ನು ಪೂರ್ತಿ ಮುಚ್ಚುವ ವಿ ಆಕಾರದ ಹಲ್ಲು ಮಾಡಿಕೊಟ್ಟರು. ಚಕ್ಕೆ ಅದರಡಿ ಮರೆಯಾಗಿದೆ. ಕೈಕೆಲಸ ಮಾಡುವವರಿಗೆ ಪೇರ್ ಉಂಗುರ ಬೇಡ, ಪದಕಕ್ಕೆ ಸರಿ. ಬಣ್ಣವೂ ಆ ತುದಿಯಲ್ಲೇ ಹೆಚ್ಚು ಹಳದಿಯಾಗಿ ಕಾಣುತ್ತದೆ.

ಸಾಗರದಿಂದ ಒಬ್ಬರು

ನಮ್ಮ ಓವಲ್‌ನ ನಡುವೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿಯಿದೆ. ಕೊಳೆ ಎಂದುಕೊಂಡು ತೊಳೆದೆವು, ಹೋಗಲಿಲ್ಲ. ಇದೇನು?

ಗಾಂಧಿ ಬಜಾರಿನ ನಿವೃತ್ತರು

ತೊಳೆದರೆ ಹೋಗುವುದಿಲ್ಲ. ಅದನ್ನು ವ್ಯಾಪಾರದಲ್ಲಿ ಬೋ ಟೈ ಎನ್ನುತ್ತಾರೆ. ನೋಡುವವರ ತಲೆಯೇ ಬೆಳಕನ್ನು ತಡೆದಾಗ ನಡುವಿನ ಮುಖಗಳಿಗೆ ಬೆಳಕು ಸಿಗದೆ ಕಪ್ಪಾಗುತ್ತವೆ. ಓವಲ್, ಪೇರ್ ಎರಡರಲ್ಲೂ ಅದು ಸ್ವಲ್ಪವಾದರೂ ಇರುತ್ತದೆ. ಉಂಗುರವನ್ನು ಅಲುಗಿಸಿದಾಗ ಪಟ್ಟಿ ಮಾಯವಾಗಿ ಬೇರೆಡೆ ಮೂಡಿದರೆ ಚಿಂತೆಯಿಲ್ಲ, ಹೇಗೆ ತಿರುಗಿಸಿದರೂ ನಿಂತಲ್ಲೇ ನಿಂತರೆ ಬೇಡ. ಅಂಗಡಿಯ ದೀಪದಡಿ ಎಲ್ಲವೂ ಹೊಳೆಯುತ್ತವೆ. ಬಾಗಿಲ ಬಳಿ ಬಂದು ಮಳೆಗಾಲದ ನಮ್ಮ ಮಬ್ಬು ಆಕಾಶದ ಬೆಳಕಿನಲ್ಲಿ, ಒಂದು ಮೊಳ ದೂರ ಹಿಡಿದು ನೋಡಿ.

ಕೇಳಿದವರು, ತೀರ್ಥಹಳ್ಳಿ

ಇಂದು ಹೋಗಿ ಬಂದೆವು. ನಲವತ್ತೆಂಟು ಸೆಂಟ್‌ನ ಓವಲ್, 6.15, 4.40, ಆಳ 2.78. ಲೆಕ್ಕ ಹಾಕಿದರೆ ಮುಖ 21ಕ್ಕಿಂತ ಸ್ವಲ್ಪ ಮೇಲೆ, ಆಳ ಶೇ 63. ಪಟ್ಟಿ ಇದೆ, ಅಲುಗಿಸಿದರೆ ಸರಿಯುತ್ತದೆ. ಮಗಳು ಒಪ್ಪಿದ್ದಾಳೆ. ಹಿಂದಿರುಗಿಸಿ ಬದಲಿಸುವಾಗ ಓವಲ್‌ಗೆ ಬೆಲೆ ಸಿಗುವುದಿಲ್ಲ ಎಂದು ನನ್ನ ತಮ್ಮ ಹೆದರಿಸುತ್ತಿದ್ದಾನೆ.

ಹೊಸನಗರದಿಂದ ಒಬ್ಬರು

ನಿಮ್ಮ ತಮ್ಮ ಹೇಳುವುದೇ ಸರಿ. ದುಂಡು ಹರಳನ್ನು ಯಾವ ಅಂಗಡಿಯವನೂ ತೆಗೆದುಕೊಳ್ಳುತ್ತಾನೆ.

ಗಾಂಧಿ ಬಜಾರಿನ ನಿವೃತ್ತರು

ದುಂಡಾದರೂ ಕೊಟ್ಟ ಬೆಲೆ ಮರಳಿ ಬರುವುದಿಲ್ಲ, ಚಿನ್ನದಂತೆ ಅಲ್ಲ ಅದು. ಬದಲಿಸುವಾಗ ಶೇಕಡಾ ಎಷ್ಟು ಕಡಿತ, ಹರಳಿಗೂ ಅನ್ವಯಿಸುತ್ತದೆಯೇ ಎಂಬುದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಬೇರೆ ಅಂಗಡಿಯಲ್ಲೂ ಅದೇ ಅಳತೆಯ ಹರಳು ಕೇಳಿ ನೋಡಿ.