ಅಪ್‌ಡೇಟ್: ಹಲ್ಲರ್ ಶಾಫ್ಟ್ ಸ್ಪೇರ್ ಇಟ್ಟೆವು

ನಾನು ಕೇಳಿದ್ದು: "ಕುಶಾಲನಗರದ ನಮ್ಮ ಕಾಫಿ ಕ್ಯೂರಿಂಗ್‌ನಲ್ಲಿ ಸಿಪ್ಪೆ ಬಿಡಿಸುವ ಹಲ್ಲರ್‌ನ, ಅಪರೂಪಕ್ಕೆ ಮುರಿಯುವ ಶಾಫ್ಟನ್ನು ಸ್ಪೇರ್ ಇಡಬೇಕಾ?"

ಇಟ್ಟೆವು. ಪದೇಪದೇ ಬದಲಿಸಬೇಕಾಗುವ ಪಾರ್ಟ್ ಮಾತ್ರ ಇಡಿ ಎಂಬ ಸಲಹೆ ಹಿಡಿದರೆ ಶಾಫ್ಟ್ ಲೆಕ್ಕಕ್ಕೇ ಬರಲ್ಲ, ಹನ್ನೊಂದು ವರ್ಷದಲ್ಲಿ ಮುರಿದಿದ್ದು ಒಮ್ಮೆ. "ಇದು ನಿಂತರೆ ಏನೇನು ನಿಲ್ಲುತ್ತೆ, ಹೊಸದು ಬರಲು ಎಷ್ಟು ದಿನ?" ಎಂದು ಕೇಳಿದವರ ಮಾತೇ ಕೆಲಸಕ್ಕೆ ಬಂತು. ಹಲ್ಲರ್ ನಮ್ಮಲ್ಲಿ ಒಂದೇ. ಶಾಫ್ಟ್ ಮಾಡಿಸಲು ಐದು ವಾರ, ಅಷ್ಟರಲ್ಲಿ ಸೀಸನ್ನೇ ಅರ್ಧ ಮುಗಿಯುತ್ತೆ. ಮೋಟರ್ ಮೈಸೂರಿನಿಂದ ಮರುದಿನವೇ ಬರುತ್ತೆ, ಹಾಗಾಗಿ ಅದನ್ನು ಇಡಲಿಲ್ಲ.

ನನಗೆ ಗೊತ್ತಿಲ್ಲದ ವಿಷಯ ಒಂದಿತ್ತು. ಬಂದ ಶಾಫ್ಟನ್ನು ಹಾಕಿ ನೋಡಿದರೆ ಬೇರಿಂಗ್ ಕೂರಲೇ ಇಲ್ಲ! ಹಿಂದೆ ರಿಪೇರಿಯಲ್ಲಿ ಹಳೆ ಶಾಫ್ಟನ್ನು ತುಸು ತೆಳ್ಳಗೆ ಕಡೆದು ಸಣ್ಣ ಬೇರಿಂಗ್ ಹಾಕಿದ್ದರು, ಡ್ರಾಯಿಂಗ್ ತಿದ್ದಿರಲಿಲ್ಲ. ಈಗ ಸರಿಮಾಡಿಸಿ, ಮಳೆಗಾಲದ ತುಕ್ಕಿಗೆ ಗ್ರೀಸ್ ಬಳಿದು, ಸುತ್ತಿ, ನೇತುಹಾಕಿದ್ದೇವೆ.