ಸಹಾಯ ಬೇಕು: ಮುಂದಿನ ಕಾರಿನ ಬೆನ್ನು ಹತ್ತಿದವನ ಟೈರ್ ಸವೆಯುತ್ತಲೇ ಇಲ್ಲ

ಎಲ್ಲರಿಗೂ ನಮಸ್ಕಾರ. ನಾನು ಬರೆಯುತ್ತಿರುವ ಕಾರ್ ರೇಸಿಂಗ್ ಸಿಮ್ಯುಲೇಶನ್ ಆಟದಲ್ಲಿ ಎದುರಾಗಿರುವ ತೊಡಕೊಂದಕ್ಕೆ ತಿಳಿದವರ ಸಲಹೆ ಬೇಕಾಗಿದೆ.

ಇಂಧನದ ಲೆಕ್ಕ ಸರಿಯಿದೆ. ಪ್ರತಿ ಸುತ್ತಿಗೆ 2 ಕಿಲೋ ಇಂಧನ ಕರಗಿ, ಕಿಲೋಗೆ 0.03 ಸೆಕೆಂಡಿನಂತೆ 0.06 ಸೆಕೆಂಡ್ ಉಳಿತಾಯವಾಗುತ್ತದೆ. ಟೈರ್ ಸವೆತದಿಂದ 0.08 ಸೆಕೆಂಡ್ ನಷ್ಟವಾಗುತ್ತದೆ. ಹೀಗಾಗಿ 10 ಸುತ್ತುಗಳ ನಂತರ ಟೈರ್ 0.8 ಸೆಕೆಂಡ್ ಕಳೆದಿದ್ದರೂ ಗಡಿಯಾರದಲ್ಲಿ ಕಾಣುವುದು 0.2 ಸೆಕೆಂಡ್ ಮಾತ್ರ.

ತೊಡಕಿರುವುದು ಮುಂದಿನ ಕಾರಿನ ಬೆನ್ನಿಗೇ ಅಂಟಿಕೊಂಡು ಓಡುವ ಡ್ರಾಫ್ಟಿಂಗ್‌ನಲ್ಲಿ. ಮುಂದಿನ ಕಾರಿನಿಂದ 20 ಮೀಟರ್ ಒಳಗಿದ್ದರೆ ಗಾಳಿಯ ಎಳೆತವನ್ನು 30% ತಗ್ಗಿಸಿದ್ದೆ. ಆಗ ಹಿಂದಿನವನಿಗೆ ಎಲ್ಲವೂ ಲಾಭವೇ ಆಯಿತು. ಆದ್ದರಿಂದ ಕಾರನ್ನು ನೆಲಕ್ಕೊತ್ತುವ ಡೌನ್‌ಫೋರ್ಸನ್ನೂ ಅಲ್ಲಿ 20% ಇಳಿಸಿ, ಸವೆತವನ್ನು ಸುತ್ತುಗಳ ಎಣಿಕೆಯಿಂದ ಬಿಡಿಸಿ, ಘರ್ಷಣಾ ಬಲವನ್ನು ಜಾರುವಿಕೆಯ ವೇಗದಿಂದ ಗುಣಿಸಿ ಬರುವ ಪವರ್‌ಗೆ ಜೋಡಿಸಿದೆ.

ಫಲಿತಾಂಶ ತಲೆಕೆಳಗಾಯಿತು. ಆಟವೇ ಓಡಿಸುವ ಚಾಲಕನು ಹಿಡಿತ ಕಡಿಮೆಯಿರುವುದನ್ನು ತಿರುವಿಗೆ ಮೊದಲೇ ಲೆಕ್ಕಹಾಕಿ ನಿಧಾನಿಸುವುದರಿಂದ ಬಲವೂ ಜಾರುವಿಕೆಯ ವೇಗವೂ ಒಟ್ಟಿಗೆ ಇಳಿದು, ಟೈರ್ ಇನ್ನೂ ಹೆಚ್ಚು ಬಾಳುತ್ತಿದೆ. ನಿಜವಾದ ಚಾಲಕ ಇಷ್ಟು ವಿವೇಕಿಯಲ್ಲ. ಅವನು ವೇಗವಾಗಿ ನುಗ್ಗಿ, ಜಾರಿದ ಮೇಲಷ್ಟೇ ತಿದ್ದಿಕೊಳ್ಳುತ್ತಾನೆ.

ನನ್ನ ಪ್ರಶ್ನೆ ಇಷ್ಟು: ತಿರುವಿನ ಗುರಿವೇಗವನ್ನು ಮುಂದೆ ಕಾರಿಲ್ಲದ ತೆರೆದ ಗಾಳಿಯ ಹಿಡಿತದಿಂದಲೇ ಲೆಕ್ಕಹಾಕಿ, ಕೊರತೆಯನ್ನು ಚಾಲಕನಿಗೆ ತಡವಾಗಿ ತಿಳಿಸುವುದು ಸರಿಯೇ? ಅಥವಾ ಟೈರಿನ ಮೇಲ್ಮೈ ತಾಪಮಾನವನ್ನು ಪ್ರತ್ಯೇಕವಾಗಿ ಇಟ್ಟು, ಅದು ಏರಿದಂತೆ ಸವೆತದ ದರವೂ ಏರುವಂತೆ ಮಾಡಬೇಕೇ? ಎರಡನ್ನೂ ಸೇರಿಸಿದರೆ ಒಂದೇ ಜಾರುವಿಕೆಗೆ ಇಮ್ಮಡಿ ದಂಡ ಬೀಳುವುದೆಂಬ ಅನುಮಾನ ನನಗಿದೆ. ಇಂಥದ್ದನ್ನು ಮಾಡಿ ನೋಡಿದವರು ದಯವಿಟ್ಟು ತಿಳಿಸಿ.